ಪಕ್ಕದ ಮನೆಯ ಹುಡುಗಿಯ ಮೊದಲ ಸಂದರ್ಶನ

ಚಿರಂಜೀವಿ ತಮ್ಮನಿಗೆ,

ಅಣ್ಣ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ನೀವೆಲ್ಲರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಿನ್ನ ಮಗಳು ಪದವಿ ಮುಗಿಸಿ ಕೆಲಸದ ಸಂದರ್ಶನಗಳಿಗೆ ಹೋಗಲಿದ್ದಾಳೆಂದೂ, ಮನೆಯಲ್ಲಿ ಅವಳನ್ನು ಹೇಗೆ ಅಣಿಗೊಳಿಸಬೇಕೆಂಬುದು ತೋಚುತ್ತಿಲ್ಲವೆಂದೂ ನೀನು ಫೋನಿನಲ್ಲಿ ಹೇಳಿದ್ದೆ. ಇಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಮೊನ್ನೆ ತಾನೇ ತನ್ನ ಮೊದಲ ಸಂದರ್ಶನಕ್ಕೆ ಹೋಗಿ ಬಂದಳು. ಅದಕ್ಕೆ ಮೊದಲು ಕೆಲವು ಸಂಜೆ ಅವಳ ಎದುರಿಗೆ ಕುಳಿತು ಪ್ರಶ್ನೆ ಕೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ನಡೆದದ್ದನ್ನು ಬರೆದರೆ ನಿನಗೆ ಉಪಯೋಗವಾದೀತು. ಅವಳ ಹೆಸರನ್ನು ಬರೆಯುವುದಿಲ್ಲ. ಅವಳ ಅರ್ಜಿಯ ವಿಷಯ ಅವಳದು.

ನಾನು ಕಚೇರಿಯಲ್ಲಿದ್ದಾಗ ಆಯ್ಕೆ ಸಮಿತಿಯ ಕಾಗದಪತ್ರಗಳನ್ನು ಸಿದ್ಧಪಡಿಸುತ್ತಿದ್ದುದು ನಿನಗೆ ನೆನಪಿರಬೇಕು. ಅರ್ಜಿಗಳನ್ನು ಕ್ರಮವಾಗಿ ಜೋಡಿಸುವುದು, ಪ್ರತಿ ಸದಸ್ಯರ ಮುಂದೆ ಅಂಕಪಟ್ಟಿ ಇಡುವುದು, ಕೊನೆಗೆ ಎಲ್ಲರ ಅಂಕಗಳನ್ನು ಕೂಡಿಸಿ ನಡಾವಳಿ ಬರೆಯುವುದು ನನ್ನ ಕೆಲಸವಾಗಿತ್ತು. ಪ್ರಶ್ನೆ ಕೇಳುವ ಅಧಿಕಾರ ನನಗಿರಲಿಲ್ಲವಾದರೂ, ಕೋಣೆಯ ಮೂಲೆಯಲ್ಲಿ ಕುಳಿತವನಿಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತಿತ್ತು: ಹೆಚ್ಚಿನ ಸದಸ್ಯರು ಅಂಕ ಹಾಕುತ್ತಿದ್ದುದು ಅಭ್ಯರ್ಥಿ ಎದ್ದು ಹೋದ ಮೇಲೆ, ಮುಂದಿನವರು ಒಳಗೆ ಬರುವ ಮೊದಲಿನ ಕೆಲವೇ ನಿಮಿಷಗಳಲ್ಲಿ. ಆ ಹೊತ್ತಿಗೆ ಅವರ ಕೈಯಲ್ಲಿ ಉಳಿದಿರುತ್ತಿದ್ದುದು ತಾವು ಗುರುತು ಹಾಕಿಕೊಂಡ ನಾಲ್ಕಾರು ಮಾತುಗಳು ಮಾತ್ರ. ಹಾಳೆಯ ಮೇಲೆ ಏನೂ ಬರೆಯಿಸದ ಉತ್ತರ, ಕೇಳುವಾಗ ಎಷ್ಟೇ ಹಿತವಾಗಿದ್ದರೂ, ಅಂಕ ಹಾಕುವ ಹೊತ್ತಿಗೆ ಮಾಸಿ ಹೋಗಿರುತ್ತಿತ್ತು. ಆದ್ದರಿಂದ ನಾನು ಈ ಹುಡುಗಿಗೆ ಮಾತನಾಡುವ ಕಲೆಯನ್ನು ಕಲಿಸಲು ಹೋಗಲಿಲ್ಲ. ಅವಳು ಹೇಳಿದ್ದರಲ್ಲಿ ಬರೆದುಕೊಳ್ಳಲು ಏನಿದೆಯೋ ಅಷ್ಟನ್ನು ಬರೆದು, ಆ ಹಾಳೆಯನ್ನು ಅವಳ ಮುಂದೆ ಇಟ್ಟೆ.

ಅವಳು ಅರ್ಜಿ ಹಾಕಿದ್ದು ಒಂದು ಸಂಸ್ಥೆಯ ಗ್ರಾಹಕ ವಿಭಾಗದ ಸಹಾಯಕಿಯ ಹುದ್ದೆಗೆ. ಮೊದಲಿಗೆ ಕೆಲಸದ ಪ್ರಕಟಣೆಯನ್ನು ಮುದ್ರಿಸಿ ತರಿಸಿ, ಅದರಲ್ಲಿರುವ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆಯಲು ಹೇಳಿದೆ: ವಿಚಾರಿಸಿದವರಿಗೆ ಉತ್ತರಿಸುವುದು, ದಾಖಲೆಗಳನ್ನು ತಪ್ಪಿಲ್ಲದೆ ಇಡುವುದು, ಯಾವುದು ಮೊದಲು ಯಾವುದು ನಂತರ ಎಂದು ನಿರ್ಧರಿಸುವುದು. ಸಂದರ್ಶನದ ಪ್ರಶ್ನೆಗಳು ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತವೆ. ಪ್ರಕಟಣೆ ಬರೆದವರಿಗೆ ಬೇಕಾದದ್ದೇ ಅಂಕಪಟ್ಟಿಯ ಶೀರ್ಷಿಕೆಯಾಗಿರುತ್ತದೆ. ಪ್ರತಿ ಅಡಿಗೆರೆಯ ಎದುರಿಗೆ ತಾನು ಅಂಥ ಕೆಲಸ ಮಾಡಿದ ಒಂದು ಸಂದರ್ಭವನ್ನು ಬರೆದುಕೊಂಡು ಬಾ ಎಂದೆ. ‘ನಾನು ಎಲ್ಲಿಯೂ ಕೆಲಸವನ್ನೇ ಮಾಡಿಲ್ಲವಲ್ಲ’ ಎಂದಳು. ಕಾಲೇಜಿನ ಗ್ರಂಥಾಲಯದಲ್ಲಿ ಬಿಡುವಿನ ವೇಳೆಯಲ್ಲಿ ಸಹಾಯ ಮಾಡುತ್ತಿದ್ದುದನ್ನು ಅವಳು ಕೆಲಸವೆಂದೇ ಎಣಿಸಿರಲಿಲ್ಲ.

‘ನೀವು ಯಾವುದಾದರೂ ತೊಂದರೆಯನ್ನು ಬಗೆಹರಿಸಿದ ಒಂದು ಉದಾಹರಣೆ ಹೇಳಿ’ ಎಂದು ಮೊದಲ ಸಂಜೆ ಕೇಳಿದೆ. ಅವಳು ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಮಾತನಾಡಿದಳು. ತಾನು ಶ್ರಮಪಟ್ಟು ಕೆಲಸ ಮಾಡುವವಳು, ಎಲ್ಲರೊಂದಿಗೂ ಹೊಂದಿಕೊಳ್ಳುವವಳು, ಗ್ರಂಥಾಲಯದಲ್ಲಿ ಬಹಳ ಕಲಿತೆ, ನಾವೆಲ್ಲ ಒಂದು ತಂಡವಾಗಿ ಓದುಗರಿಗೆ ನೆರವಾದೆವು ಎಂದು ಹೇಳಿ ನಿಲ್ಲಿಸಿದಳು. ಹಾಳೆಯನ್ನು ತಿರುಗಿಸಿ ತೋರಿಸಿದೆ. ಅದರಲ್ಲಿ ಇದ್ದದ್ದು ‘ಗ್ರಂಥಾಲಯ’, ‘ತಂಡ’ ಎಂಬ ಎರಡು ಪದಗಳು. ಶ್ರಮ, ಹೊಂದಾಣಿಕೆ ಎಂಬುವನ್ನು ಏಕೆ ಬರೆಯಲಿಲ್ಲ ಎಂದು ಕೇಳಿದಳು. ಅವು ನಿನ್ನ ಬಗ್ಗೆ ನೀನೇ ಕೊಟ್ಟುಕೊಂಡ ತೀರ್ಪುಗಳು. ಬರುವ ಎಲ್ಲ ಅಭ್ಯರ್ಥಿಗಳೂ ಅವನ್ನೇ ಹೇಳುತ್ತಾರೆ. ಸಂಗತಿಯನ್ನು ನೀನು ಹೇಳಿದರೆ ತೀರ್ಪನ್ನು ಅವರೇ ಬರೆದುಕೊಳ್ಳುತ್ತಾರೆ ಎಂದೆ. ಅವಳ ಮುಖ ಸಪ್ಪಗಾಯಿತು, ಆದರೆ ಎದ್ದು ಹೋಗಲಿಲ್ಲ.

ಆ ಬಳಿಕ ಉತ್ತರವನ್ನು ಬದಿಗಿಟ್ಟು, ನಿಜವಾಗಿ ನಡೆದದ್ದೇನು ಎಂದು ಒಂದೊಂದಾಗಿ ಕೇಳತೊಡಗಿದೆ. ಆಗ ಹೊರಬಂದ ಕಥೆ ಚೆನ್ನಾಗಿತ್ತು. ಗ್ರಂಥಾಲಯದ ಕಂಪ್ಯೂಟರು ಪುಸ್ತಕ ಇದೆಯೆಂದು ತೋರಿಸುತ್ತಿತ್ತು, ವಿದ್ಯಾರ್ಥಿ ಹೋಗಿ ನೋಡಿದರೆ ಕಪಾಟಿನಲ್ಲಿ ಇರುತ್ತಿರಲಿಲ್ಲ; ನಾಳೆ ಬನ್ನಿ ಎಂದು ಹೇಳಿ ಕಳುಹಿಸುವುದು ರೂಢಿಯಾಗಿತ್ತು. ಹೀಗೆ ಕಾಣೆಯಾಗುತ್ತಿದ್ದುದು ಹೆಚ್ಚಾಗಿ ಹಿಂದಿನ ಒಂದೆರಡು ದಿನಗಳಲ್ಲಿ ಹಿಂತಿರುಗಿ ಬಂದ ಪುಸ್ತಕಗಳು ಎಂಬುದನ್ನು ಇವಳು ಗಮನಿಸಿದಳು. ಪುಸ್ತಕ ಕೈಗೆ ಬಂದ ಕ್ಷಣವೇ ಕಂಪ್ಯೂಟರಿನಲ್ಲಿ ಅದು ಹಿಂತಿರುಗಿತೆಂದು ದಾಖಲಾಗುತ್ತಿತ್ತು, ಆದರೆ ಕಪಾಟಿಗೆ ಸೇರುವ ಮೊದಲು ತಳ್ಳುಗಾಡಿಯ ಮೇಲೆ ರಾಶಿಯಾಗಿ ಬಿದ್ದಿರುತ್ತಿತ್ತು. ಇವಳು ಗ್ರಂಥಪಾಲಕರನ್ನು ಕೇಳಿ ಒಪ್ಪಿಗೆ ಪಡೆದು, ಪುಸ್ತಕಗಳು ಬಂದ ಹಾಗೆಯೇ ಗಾಡಿಯ ಮೇಲೆ ವಿಷಯದ ಸಂಖ್ಯೆಯಂತೆ ಜೋಡಿಸತೊಡಗಿದಳು. ಕಪಾಟಿನಲ್ಲಿ ಸಿಗದಿದ್ದರೆ ಮೊದಲು ಗಾಡಿಯಲ್ಲಿ ಹುಡುಕಿ ಎಂಬ ಚೀಟಿಯೊಂದನ್ನು ಮೇಜಿನ ಮೇಲೆ ಅಂಟಿಸಿದಳು. ಇಷ್ಟನ್ನೂ ಅವಳು ಮೊದಲ ಉತ್ತರದಲ್ಲಿ ‘ನಾವೆಲ್ಲ ನೆರವಾದೆವು’ ಎಂಬ ಎರಡು ಪದಗಳ ಅಡಿಯಲ್ಲಿ ಮುಚ್ಚಿಟ್ಟಿದ್ದಳು. ‘ನಾನು’ ಎಂದರೆ ಜಂಭವಾದೀತೆಂಬ ಸಂಕೋಚ ಅವಳಿಗೆ. ಗಮನಿಸಿದವಳು ನೀನು, ಜೋಡಿಸಿದವಳು ನೀನು, ಒಪ್ಪಿಗೆ ಕೊಟ್ಟವರು ಗ್ರಂಥಪಾಲಕರು. ಯಾರು ಮಾಡಿದ್ದನ್ನು ಅವರ ಹೆಸರಿಗೆ ಬರೆದರೆ ಅದು ಜಂಭವಲ್ಲ, ಸರಿಯಾದ ದಾಖಲೆ ಎಂದೆ. ಈ ಮಾತು ಅವಳಿಗೆ ಹಿಡಿಸಿತು.

ಫಲಿತಾಂಶದ ಬಳಿ ಮಾತ್ರ ಒಂದು ಅಪಾಯ ಕಂಡಿತು. ‘ದೂರುಗಳು ಅರ್ಧಕ್ಕರ್ಧ ಕಡಿಮೆಯಾದವು’ ಎಂದು ಸೇರಿಸಿಕೊಂಡಳು. ಎಣಿಸಿದವರು ಯಾರು ಎಂದು ಕೇಳಿದಾಗ ಸುಮ್ಮನಾದಳು, ಯಾರೂ ಎಣಿಸಿರಲಿಲ್ಲ. ಅಂಕಿಯಿದ್ದರೆ ಉತ್ತರಕ್ಕೆ ತೂಕ ಬರುತ್ತದೆಂದು ಅವಳು ಎಲ್ಲೋ ಓದಿದ್ದಳು, ಅದು ನಿಜವೂ ಹೌದು; ಆದರೆ ಸಮಿತಿಯಲ್ಲಿ ಒಬ್ಬರು ‘ಹೇಗೆ ಲೆಕ್ಕ ಹಾಕಿದಿರಿ’ ಎಂದು ಕೇಳಿದರೆ, ಆ ಒಂದು ಪೊಳ್ಳು ಅಂಕಿ ಉಳಿದ ನಿಜವಾದ ಸಂಗತಿಗಳ ಮೇಲೂ ಅನುಮಾನ ಹುಟ್ಟಿಸುತ್ತದೆ. ಅದರ ಬದಲು ತಾನು ಕಣ್ಣಾರೆ ಕಂಡದ್ದನ್ನೇ ಹೇಳಿಸಿದೆ: ಮೊದಲು ನಾಳೆ ಬನ್ನಿ ಎನ್ನುತ್ತಿದ್ದೆವು, ಆಮೇಲೆ ಗಾಡಿಯಿಂದಲೇ ತೆಗೆದು ಕೊಡಲು ಆಗುತ್ತಿತ್ತು; ನಾನು ಬಿಟ್ಟ ಮೇಲೂ ಆ ವ್ಯವಸ್ಥೆಯನ್ನು ಗ್ರಂಥಪಾಲಕರು ಮುಂದುವರಿಸಿದ್ದಾರೆ. ಇದರಲ್ಲಿ ಅಂಕಿಯಿಲ್ಲ, ಆದರೆ ಯಾರು ವಿಚಾರಿಸಿದರೂ ನಿಲ್ಲುವ ಮಾತು. ಹೊಸದಾಗಿ ಕಟ್ಟಿದ ಉತ್ತರದಲ್ಲಿ ತೊಂದರೆಯ ವಿವರಣೆಗೆ ಎರಡು ವಾಕ್ಯ, ಫಲಕ್ಕೆ ಎರಡು ವಾಕ್ಯ, ಉಳಿದದ್ದೆಲ್ಲ ಅವಳು ಮಾಡಿದ ಕೆಲಸ. ಒಟ್ಟು ಎರಡು ನಿಮಿಷದೊಳಗೆ ಮುಗಿಯಿತು, ನನ್ನ ಹಾಳೆಯೂ ತುಂಬಿತು.

ಮುಂದಿನ ಸಂಜೆ ಅದೇ ಉತ್ತರ ಬೇರೊಂದು ರೀತಿಯಲ್ಲಿ ಕೆಟ್ಟಿತು. ಅವಳು ಅದನ್ನು ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಬಾಯಿಪಾಠವನ್ನು ಗುರುತಿಸುವುದು ಕಷ್ಟವಲ್ಲ: ಮಾತಿನ ವೇಗ ಏರುತ್ತದೆ, ಕಣ್ಣು ಎದುರಿಗಿರುವವರನ್ನು ಬಿಟ್ಟು ಮೇಲಕ್ಕೆ ಹೋಗುತ್ತದೆ, ನಡುವೆ ತಡೆದು ಒಂದು ಪ್ರಶ್ನೆ ಕೇಳಿದರೆ ಮತ್ತೆ ಮೊದಲ ವಾಕ್ಯದಿಂದಲೇ ಶುರುವಾಗುತ್ತದೆ. ನಾನು ನಡುವೆ ತಡೆದೆ. ಅವಳು ಮೊದಲಿಗೇ ಹೋದಳು. ಬರೆದ ಕಾಗದವನ್ನು ಬದಿಗಿಡಿಸಿ, ಒಂದು ಚಿಕ್ಕ ಚೀಟಿಯಲ್ಲಿ ‘ಕಪಾಟು, ಗಾಡಿ, ಸಂಖ್ಯೆ, ಚೀಟಿ, ಮುಂದುವರಿಕೆ’ ಎಂದಷ್ಟೇ ಬರೆಸಿದೆ. ಆಮೇಲೆ ಪ್ರತಿ ಸಲವೂ ಬೇರೆ ಬಾಗಿಲಿನಿಂದ ಒಳಗೆ ಬಂದೆ. ಒಮ್ಮೆ ‘ಅಸಮಾಧಾನಗೊಂಡ ಗ್ರಾಹಕರೊಂದಿಗೆ ವ್ಯವಹರಿಸಿದ್ದೀರಾ’ ಎಂದೆ, ಒಮ್ಮೆ ‘ಮೇಲಿನವರಿಗೆ ಯಾವುದಾದರೂ ಸಲಹೆ ಕೊಟ್ಟಿದ್ದೀರಾ’ ಎಂದೆ. ಸಂಗತಿ ಅದೇ, ಪ್ರವೇಶ ಬೇರೆ. ವಾಕ್ಯಗಳು ಪ್ರತಿ ಸಲ ಬದಲಾಗತೊಡಗಿದಾಗ ಅವಳು ಸಿದ್ಧಳಾಗುತ್ತಿದ್ದಾಳೆಂದು ತಿಳಿದುಕೊಂಡೆ.

ಇನ್ನೊಂದು ವಿಷಯಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ, ಅದು ಮೌನ. ಅಭ್ಯರ್ಥಿ ಉತ್ತರ ಮುಗಿಸಿದ ಮೇಲೆ ಸದಸ್ಯರು ತಲೆ ತಗ್ಗಿಸಿ ಬರೆಯುತ್ತಾರೆ. ಆ ಕೆಲವು ಸೆಕೆಂಡುಗಳ ಮೌನವನ್ನು ಅಭ್ಯರ್ಥಿ ಅತೃಪ್ತಿಯೆಂದು ತಿಳಿದು, ಮುಗಿದ ಉತ್ತರಕ್ಕೆ ಮತ್ತೆ ಬಾಲ ಜೋಡಿಸುತ್ತಾನೆ. ಒಳ್ಳೆಯ ಉತ್ತರಗಳು ಹಾಗೆ ಹಾಳಾದದ್ದನ್ನು ನಾನು ಕಚೇರಿಯಲ್ಲಿ ಕಂಡಿದ್ದೇನೆ. ಈ ಹುಡುಗಿಯ ಅರ್ಜಿಯಲ್ಲಿ ಓದು ಒಂದು ವರ್ಷ ನಿಂತಿದ್ದ ಅಂತರವೊಂದಿತ್ತು. ಅದನ್ನು ಕೇಳಿದಾಗ, ಮನೆಯಲ್ಲಿ ಅನಾರೋಗ್ಯವಿತ್ತು, ಆ ವರ್ಷ ನೋಡಿಕೊಳ್ಳಬೇಕಾಯಿತು, ಮರುವರ್ಷ ಸೇರಿ ಓದು ಮುಗಿಸಿದೆ ಎಂದು ಚೊಕ್ಕವಾಗಿ ಹೇಳಿದಳು. ನಾನು ಏನೂ ಹೇಳದೆ ಬರೆಯುತ್ತಾ ಹೋದೆ. ಅವಳು ತಡೆಯಲಾರದೆ, ಯಾವ ಕಾಯಿಲೆ, ಎಷ್ಟು ತಿಂಗಳು, ಅಂಕ ಏಕೆ ಕಡಿಮೆಯಾಯಿತು ಎಂದು ಯಾರೂ ಕೇಳದ್ದನ್ನೆಲ್ಲ ಸೇರಿಸತೊಡಗಿದಳು. ಆ ಮೌನ ಪೆನ್ನಿನದು, ನಿನ್ನ ಮೇಲಿನ ಸಿಟ್ಟಿನದಲ್ಲ ಎಂದು ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಹೊತ್ತು ನಾನು ಬರೆಯುತ್ತಿರುವುದು, ಅವಳು ಸುಮ್ಮನೆ ಕೂರುವುದು ಎಂಬ ಅಭ್ಯಾಸವನ್ನೇ ಮಾಡಿಸಿದೆ. ಮೊದಮೊದಲು ಅವಳ ಕೈಬೆರಳುಗಳು ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತಿದ್ದವು, ಕ್ರಮೇಣ ಸಡಿಲವಾದವು.

ಸಂದರ್ಶನ ಮುಗಿಸಿ ಅವಳು ನೇರವಾಗಿ ನಮ್ಮ ಮನೆಗೇ ಬಂದಳು. ಮೂವರು ಕುಳಿತಿದ್ದರಂತೆ. ಗ್ರಂಥಾಲಯದ ಸಂಗತಿ ಹೇಳುವಾಗ ಒಬ್ಬರು ನಡುವೆಯೇ ತಡೆದು, ಹಾಗೆ ಜೋಡಿಸಲು ತೀರ್ಮಾನಿಸಿದ್ದು ಯಾರು ಎಂದು ಕೇಳಿದರಂತೆ. ಇವಳು ಉತ್ತರಿಸಿ, ನಿಂತಲ್ಲಿಂದಲೇ ಮುಂದುವರಿಸಿದಳಂತೆ. ಇಬ್ಬರು ಮೇಲಧಿಕಾರಿಗಳು ಒಂದೇ ಹೊತ್ತಿಗೆ ಎರಡು ತುರ್ತು ಕೆಲಸ ಕೊಟ್ಟರೆ ಏನು ಮಾಡುವಿರಿ ಎಂಬ ಪ್ರಶ್ನೆಯನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಅಂಥ ಸಂದರ್ಭ ತನಗೆ ಇನ್ನೂ ಬಂದಿಲ್ಲ, ಬಂದರೆ ಯಾವುದು ಯಾವ ಹೊತ್ತಿಗೆ ಬೇಕೆಂದು ಇಬ್ಬರನ್ನೂ ಕೇಳಿ, ತಾನು ಹಾಕಿಕೊಂಡ ಕ್ರಮವನ್ನು ಇಬ್ಬರಿಗೂ ಬರೆದು ತಿಳಿಸುತ್ತೇನೆ ಎಂದಳಂತೆ. ಆ ಉತ್ತರ ಪೂರ್ತಿ ಅವಳದೇ, ನನಗೆ ಬಹಳ ಸಂತೋಷವಾಯಿತು. ಕೊನೆಯಲ್ಲಿ ನಿಮಗೇನಾದರೂ ಕೇಳುವುದಿದೆಯೇ ಎಂದಾಗ, ಮೊದಲ ತಿಂಗಳಲ್ಲಿ ಈ ಹುದ್ದೆಯವರು ಮಾಡುವ ಕೆಲಸ ಯಾವುದು ಎಂದು ವಿಚಾರಿಸಿದ್ದಾಳೆ. ಫಲಿತಾಂಶವನ್ನು ಪತ್ರದ ಮೂಲಕ ತಿಳಿಸುತ್ತಾರಂತೆ, ಇನ್ನೂ ಬಂದಿಲ್ಲ. ಕೇಳಿದ ಪ್ರಶ್ನೆಗಳನ್ನು ಮರೆಯುವ ಮೊದಲು ಅಂದೇ ಸಂಜೆ ಅವಳಿಂದ ಬರೆಸಿಟ್ಟಿದ್ದೇನೆ, ಈ ಕೆಲಸ ಸಿಕ್ಕರೂ ಸಿಗದಿದ್ದರೂ ಆ ಪಟ್ಟಿ ಅವಳ ಬಳಿ ಇರಲಿ ಎಂದು.

ನಾನು ಬಳಸಿದ ಹಾಳೆಯ ಮಾದರಿಯೊಂದನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಎಡಬದಿಯಲ್ಲಿ ಪ್ರಶ್ನೆ, ಬಲಬದಿಯಲ್ಲಿ ಬರೆದುಕೊಳ್ಳಲು ಸಿಕ್ಕಿದ್ದು, ಅಷ್ಟೇ. ನಿನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡಾಗ ಅವಳು ಮಾತನಾಡುತ್ತಿರುವಾಗ ನಡುವೆ ತಿದ್ದಬೇಡ, ಬರೆಯುತ್ತಾ ಹೋಗು. ಮುಗಿದ ಮೇಲೆ ಹಾಳೆಯನ್ನು ಅವಳ ಕಡೆಗೆ ತಿರುಗಿಸು. ಅವಳ ಪ್ರಕಟಣೆಯ ಪ್ರತಿಯನ್ನು ನನಗೂ ಕಳುಹಿಸಿದರೆ, ಅಡಿಗೆರೆ ಎಳೆದು ನನಗೆ ತೋಚಿದ ಪ್ರಶ್ನೆಗಳನ್ನು ಬರೆದು ಕಳುಹಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಣ್ಣ