ಬೀರು ಇರುವ ಕೋಣೆ

ಪ್ರೀತಿಯ ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ, "ಅಮ್ಮಾ, ಒಂದೇ ಕೋಣೆಯಲ್ಲಿದ್ದರೂ ಅವರ ಜೊತೆ ನೆಮ್ಮದಿಯಾಗಿ ಮಾತಾಡಿ ವಾರವಾಯಿತು" ಅಂದೆ. ಆಮೇಲೆ ಯಾರೋ ಬಂದರು ಅಂತ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ನೀನೊಬ್ಬಳೇ ಇದ್ದಾಗ ಓದು.

ಆ ಮನೆಯವರು ಕೆಟ್ಟವರಲ್ಲ. ನಿಮ್ಮಿಬ್ಬರನ್ನು ದೂರ ಇಡಬೇಕು ಅಂತ ಯಾರೂ ನಿಮ್ಮ ಕೋಣೆಗೆ ಬರುತ್ತಿಲ್ಲ, ಬೀರು ಅಲ್ಲಿದೆ ಅಂತ ಬರುತ್ತಿದ್ದಾರೆ. ಮದುವೆಗೆ ಮೊದಲು ಅದು ಎಲ್ಲರ ಕೋಣೆಯಾಗಿತ್ತು. ಒಂದು ವಾರ ಸುಮ್ನೆ ಗಮನಿಸು, ಯಾರು ಯಾವುದಕ್ಕೆ ಬರುತ್ತಾರೆ ಅಂತ. ಬೆಳಿಗ್ಗೆ ಮಕ್ಕಳ ಯೂನಿಫಾರ್ಮಿಗೆ ನಿನ್ನ ಓರಗಿತ್ತಿ, ರಾತ್ರಿ ಮಾತ್ರೆಗೆ ಮಾವ, ನೆಂಟರು ಬಂದರೆ ಹೊದಿಕೆಗೆ ನಾದಿನಿ. ಬೆಳ್ಳಿ ಸಾಮಾನಿಗೆ ಅತ್ತೆ ಬರುವುದು ಹಬ್ಬಕ್ಕೆ ಮಾತ್ರ. ಹಾಗಿದ್ದರೆ ಅಷ್ಟು ಭಾರದ ಬೀರು ಸರಿಸುವ ರಗಳೆಯೇ ಬೇಡ. ಆಗಾಗ ಬೇಕಾಗುವ ಈ ಮೂರು ಸಾಮಾನು ಹಜಾರದ ಕಪಾಟಿಗೆ ಹೋದರೆ ಸಾಕು.

ಇದನ್ನು ನೀನು ಕೇಳಬೇಡ. ಸೊಸೆ ಕೇಳಿದರೆ "ಬಂದು ವರ್ಷವಾಗಿಲ್ಲ, ಆಗಲೇ ಕೋಣೆ ತನ್ನದು ಅಂತಾಳೆ" ಅನ್ನಿಸುತ್ತದೆ. ಮಗ ಕೇಳಿದರೆ ಅದು ಮನೆಯ ಮಾತು. ಅತ್ತೆ ಒಬ್ಬರೇ ಇರುವಾಗ ಅಳಿಯಂದಿರು, "ಅಮ್ಮಾ, ನಾನು ಮಂಡಿಯಿಂದ ಬರುವುದು ತಡ, ಬೆಳಿಗ್ಗೆ ಬಾಗಿಲು ತಟ್ಟಿದರೆ ನಿದ್ದೆ ಕೆಡುತ್ತದೆ. ದಿನಬಳಕೆಯದನ್ನು ಹೊರಗಿಡೋಣ" ಅಂತ ಹೇಳಲಿ. "ಅವಳು ಹೇಳಿದಳು" ಅನ್ನುವ ಮಾತು ಮಾತ್ರ ಬಾಯಿಂದ ಬರಬಾರದು. ಬೀರುವಿನ ಬೀಗದ ಕೈ ಅತ್ತೆಯ ಹತ್ತಿರವೇ ಇರಲಿ.

ರಾತ್ರಿ ಚಿಲಕ ಹಾಕಿಕೊಳ್ಳುವುದಕ್ಕೆ ನಾಚಿಕೆ ಬೇಡ. ಹಗಲು ಬಾಗಿಲು ತೆರೆದಿಟ್ಟು ಪರದೆ ಬಿಡು. ಭಾನುವಾರ ಊಟವಾದ ಮೇಲೆ ಎಲ್ಲರೂ ಅಡ್ಡಾಗುತ್ತಾರಲ್ವಾ, ಆಗ ನೀವೂ ಬಾಗಿಲು ಹಾಕಿಕೊಂಡರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಚಿಕ್ಕಮ್ಮನ ಪಕ್ಕದಲ್ಲೇ ಮಲಗುತ್ತೇನೆ ಅನ್ನುವ ಮಗುವನ್ನು ಒಮ್ಮೆಲೇ ಕಳಿಸಬೇಡ, ಅದಕ್ಕೆ ನೋವಾಗುತ್ತದೆ. ಅಜ್ಜಿಯ ಹಾಸಿಗೆಯಲ್ಲೇ ಕೂತು ಕತೆ ಹೇಳು, ನಿದ್ದೆ ಬಂದ ಮೇಲೆ ಎದ್ದು ಬಾ.

ಇನ್ನೊಂದು ವಿಷಯ. ಅದು ಹಳೇ ಹೆಂಚಿನ ಮನೆ. ನಡುವಿನ ಗೋಡೆ ಮಾಡಿನವರೆಗೆ ಹೋಗಿಲ್ಲ, ನಾನು ನೋಡಿದ್ದೇನೆ. ಈ ಕೋಣೆಯ ಮಾತು ಪಕ್ಕದ ಕೋಣೆಗೆ ಕೇಳುತ್ತದೆ. ಪಿಸುಗುಟ್ಟಿದರೆ ಕಿವಿ ಇನ್ನೂ ಜಾಸ್ತಿ ಚುರುಕಾಗುತ್ತದೆ. ಆದ್ದರಿಂದ ದುಡ್ಡಿನ ಮಾತು, ಮಗುವಿನ ಮಾತು, ಜಗಳ, ಯಾವುದೂ ಅಲ್ಲಿ ಬೇಡ. ಅದಕ್ಕೆ ತೋಟ ಇದೆ. ವಾರಕ್ಕೊಮ್ಮೆ ದೇವಸ್ಥಾನಕ್ಕೋ ತರಕಾರಿಗೋ ಬೈಕಿನಲ್ಲಿ ಹೋಗಿಬನ್ನಿ. ಸುಮ್ನೆ ಸುತ್ತಲು ಹೊರಟರೆ ನಾದಿನಿಯೂ ಬರುತ್ತೇನೆ ಅಂತಾಳೆ, ಪಾಪ, ಅವಳಿಗೂ ಆಸೆ. ಮನೆಯ ಕೆಲಸ ಹಿಡಿದು ಹೊರಟರೆ ಯಾರೂ ತಡೆಯುವುದಿಲ್ಲ. ಬರುವಾಗ ಅವಳಿಗೆ ಹೂವು ತಾ.

ಪ್ರೀತಿ ಅಂದರೆ ಬಾಗಿಲ ಹಿಂದಿನದು ಮಾತ್ರ ಅಂದುಕೊಳ್ಳಬೇಡ. ಅಲ್ಲಿ ಗಂಡಸರದು ಮೊದಲ ಪಂಕ್ತಿ, ನೀವು ಹೆಂಗಸರು ಕೊನೆಗೆ ಉಣ್ಣುತ್ತೀರಿ. ಅಳಿಯಂದಿರು ಊಟ ಮುಗಿಸಿ ಟಿವಿ ಮುಂದೆ ಹೋಗುವ ಬದಲು ನೀನು ಉಣ್ಣುವಾಗ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂರಲಿ. ಅಮ್ಮನಿಗೂ ಅತ್ತಿಗೆಗೂ ಒಂದೆರಡು ಮಾತು, ನಿನಗೆ ಇನ್ನೊಂದು ಸೌಟು ಸಾರು. ಇದಕ್ಕೆ ಯಾರು ಏನು ಅನ್ನುತ್ತಾರೆ? ದಿನಾ ಹಾಗೆ ಕೂತರೆ ರಾತ್ರಿ ಕೋಣೆಯಲ್ಲಿ "ನನ್ನ ಕಡೆ ನೋಡಲೇ ಇಲ್ಲ" ಅನ್ನುವ ಮಾತೇ ಬರುವುದಿಲ್ಲ.

"ಏನಮ್ಮಾ, ವಿಶೇಷ ಇದೆಯಾ?" ಅಂತ ನೆಂಟರು ಕೇಳುತ್ತಲೇ ಇರುತ್ತಾರೆ. ಅದಕ್ಕೆ ಏನು ಹೇಳಬೇಕು ಅಂತ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. "ಇದ್ದಾಗ ಹೇಳುತ್ತೇವೆ" ಅಂತ ನಕ್ಕರೆ ಸಾಕು. ಇಬ್ಬರ ಬಾಯಲ್ಲೂ ಒಂದೇ ಮಾತು ಇರಬೇಕು. ಕೋಣೆಯಲ್ಲಿ ನೀನು ಹೇಳಿದ್ದು ಬೆಳಿಗ್ಗೆ ಅತ್ತೆಯ ಬಾಯಲ್ಲಿ ಕೇಳಿಬಂದರೆ, ಅಳಿಯಂದಿರಿಗೆ ಅದೇ ದಿನ ಹೇಳು, ಕೂಡಿಡಬೇಡ. ನೀನೂ ಅಷ್ಟೇ. ಅವರು ನಿನ್ನ ಹತ್ತಿರ ಅತ್ತುಕೊಂಡು ಹೇಳಿದ್ದನ್ನು ನನಗೂ ಹೇಳಬೇಡ. ನನಗೆ ನಿನ್ನ ಆರೋಗ್ಯ ಗೊತ್ತಾದರೆ ಸಾಕು.

ಆದರೆ ಚಿಲಕವನ್ನೇ ಹಾಕಬಾರದು ಅಂದರೆ, ನಿನ್ನ ಫೋನ್ ಕಿತ್ತುಕೊಂಡು ನೋಡಿದರೆ, ಕೈ ಮಾಡಿದರೆ, ಆಗ ಈ ಮಾತೆಲ್ಲ ಬಿಡು. ತಕ್ಷಣ ನನಗೆ ಹೇಳು. ಅಪ್ಪ ನಾನು ಇಬ್ಬರೂ ಬರುತ್ತೇವೆ.

ಆಷಾಢಕ್ಕೆ ನಿನ್ನನ್ನು ಕರೆದುಕೊಂಡು ಬರಲು ಅಪ್ಪ ಬರುತ್ತಾರೆ. ಅಷ್ಟು ದಿನ ಅಗಲಿರುವುದು ನಿಮಗೆ ಕಷ್ಟ, ಗೊತ್ತು. ರಾತ್ರಿ ಫೋನಿನಲ್ಲಿ ಮಾತಾಡಲು ಮಹಡಿಯ ಕೋಣೆ ನಿನಗೇ. ಭೀಮನ ಅಮಾವಾಸ್ಯೆಯ ಪೂಜೆಗೆ ಅಳಿಯಂದಿರು ಹಿಂದಿನ ದಿನವೇ ಬರಲಿ. ರಜೆ ಸಿಗುತ್ತದಾ ಅಂತ ಈಗಲೇ ಕೇಳಿ ನನಗೆ ತಿಳಿಸು.

ನಿನ್ನ,
ಅಮ್ಮ