ಹಾಲು ಸ್ವೀಕಾರ ಲೈನಿನ ಕೊರಿಯೊಲಿಸ್ ಮೀಟರಿಗೆ ತಪ್ಪಾಗಿ ಜೀರೋ ಮಾಡಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಸರ್ವಿಸ್ ವಿಭಾಗ
(ಮೀಟರ್ ಮತ್ತು ಪಂಪ್ ಸ್ಕಿಡ್ ಸರಬರಾಜು ಮಾಡಿದ ಕಂಪನಿ)

ಇವರಿಂದ,
ಇನ್‌ಸ್ಟ್ರುಮೆಂಟೇಶನ್ ವಿಭಾಗ, ಹಾಲು ಸಂಸ್ಕರಣಾ ಘಟಕ

ವಿಷಯ: ಎರಡಿಂಚಿನ ಮಾಸ್ ಫ್ಲೋ ಮೀಟರ್, ವಾರ್ಷಿಕ ಸರ್ವಿಸ್ ನಂತರ ಬರುತ್ತಿರುವ ತೂಕದ ಕೊರತೆ

ಮಾನ್ಯರೇ,

ನಮ್ಮ ಟ್ಯಾಂಕರ್ ಸ್ವೀಕಾರ ಲೈನಿನ ಮೀಟರಿಗೆ ನಿಮ್ಮ ಎಂಜಿನಿಯರ್ ಸರ್ವಿಸ್ ಮಾಡಿ ಹೋದಂದಿನಿಂದ ಬಂದ ಟ್ಯಾಂಕರೆಲ್ಲ ಕೊರತೆ ತೋರಿಸುತ್ತಿವೆ. ವೇ ಬ್ರಿಡ್ಜಿನಲ್ಲಿ 10,300 ಕೆಜಿ ತೂಗಿದ ಹಾಲನ್ನು ಮೀಟರ್ ಸರಾಸರಿ 53 ಕೆಜಿ ಕಡಿಮೆ ಲೆಕ್ಕ ಹಾಕುತ್ತಿದೆ. ಸರ್ವಿಸ್‌ಗೆ ಮುಂಚೆ ಇದೇ ಮೀಟರಿನ ವ್ಯತ್ಯಾಸ 10ರಿಂದ 20 ಕೆಜಿಯೊಳಗೆ ಇರುತ್ತಿತ್ತು. ಈ ಕೊರತೆ ಸಾಗಣೆದಾರರ ಬಿಲ್ಲಿನಿಂದ ಕಡಿತವಾಗುವುದರಿಂದ ದಾರಿಯಲ್ಲಿ ಹಾಲು ಕದ್ದರೆಂಬ ಅನುಮಾನ ಡ್ರೈವರುಗಳ ಮೇಲೆ ಬಿದ್ದಿದೆ. ಕಡಿತವನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ.

ದೂರವಾಣಿಯಲ್ಲಿ ತಿಳಿಸಿದಾಗ ನಿಮ್ಮವರು ಕೊಟ್ಟ ಉತ್ತರ ಎರಡು ಮಾತಿನದು. ಒಂದು, ಹರಿವು ನಿಲ್ಲಿಸಿದಾಗ ಪರದೆಯಲ್ಲಿ 0.00 ಬರುತ್ತಿದೆ, ಹಾಗಾಗಿ ಜೀರೋ ಸರಿಯಾಗಿದೆ. ಎರಡು, ಕ್ಯಾಲಿಬ್ರೇಶನ್ ಫ್ಯಾಕ್ಟರ್ ಜಾರಿರಬೇಕು, ಮೀಟರ್ ಬಿಚ್ಚಿ ಲ್ಯಾಬಿಗೆ ಕಳುಹಿಸಿ, ಖರ್ಚು ನಿಮ್ಮದು. ಎರಡನ್ನೂ ನಾವು ಒಪ್ಪುವುದಿಲ್ಲ. ಕಾರಣ ಕೆಳಗಿದೆ.

ಫ್ಯಾಕ್ಟರ್ ತಪ್ಪಿದ್ದರೆ ಹರಿವು ಎಷ್ಟೇ ಇರಲಿ, ತಪ್ಪು ಒಂದೇ ಶೇಕಡಾವಾರಿನಲ್ಲಿ ಬರಬೇಕು. ಜೀರೋ ತಪ್ಪಿದ್ದರೆ ಗಂಟೆಗೆ ಇಷ್ಟು ಕೆಜಿ ಎಂದು ಸ್ಥಿರವಾಗಿ ಕಳೆಯುತ್ತದೆ. ಖಾಲಿ ಮಾಡಲು ಹೆಚ್ಚು ಹೊತ್ತು ಹಿಡಿದಷ್ಟೂ ಕೊರತೆ ಬೆಳೆಯುತ್ತದೆ. ಇದನ್ನು ನೋಡಲು ಅಷ್ಟೇ ತೂಕದ ಟ್ಯಾಂಕರುಗಳನ್ನು ಎರಡು ವೇಗದಲ್ಲಿ ಖಾಲಿ ಮಾಡಿಸಿದೆವು. ಗಂಟೆಗೆ 20,000 ಕೆಜಿ ವೇಗದಲ್ಲಿ 31 ನಿಮಿಷ ಹಿಡಿಯಿತು, ಕೊರತೆ 53 ಕೆಜಿ. ಗಂಟೆಗೆ 10,000 ಕೆಜಿಗೆ ಇಳಿಸಿದಾಗ 62 ನಿಮಿಷ, ಕೊರತೆ 92 ಕೆಜಿ. ಶೇಕಡಾವಾರು ನೋಡಿದರೆ ಮೊದಲನೆಯದು 0.5, ಎರಡನೆಯದು 0.9. ಹೆಚ್ಚುವರಿ 31 ನಿಮಿಷಕ್ಕೆ 39 ಕೆಜಿ ಎಂದರೆ ಗಂಟೆಗೆ ಸುಮಾರು 75 ಕೆಜಿ. ಇದು ಜೀರೋ ತಪ್ಪು. 53ರಲ್ಲಿ 39 ಕಳೆದರೆ ಉಳಿಯುವ 14 ಕೆಜಿ ಹೊತ್ತಿಗೆ ಸಂಬಂಧವಿಲ್ಲದ್ದು, ಅದಕ್ಕೆ ಬೇರೆ ಕಾರಣವಿದೆ. ಅದನ್ನು ಆಮೇಲೆ ಹೇಳುತ್ತೇವೆ.

ಈ 75 ಕೆಜಿ ಎಲ್ಲಿಂದ ಬಂತು? ನಿಮ್ಮ ಎಂಜಿನಿಯರ್ ಜೀರೋ ಮಾಡಿದ ಕ್ರಮ ನಮ್ಮ ಆಪರೇಟರುಗಳ ಎದುರೇ ನಡೆದದ್ದು. ಮೀಟರಿನ ಮುಂದಿನ, ಅಂದರೆ ಸೈಲೋ ಕಡೆಯ ಬಟರ್‌ಫ್ಲೈ ವಾಲ್ವ್ ಒಂದನ್ನೇ ಮುಚ್ಚಿಸಿದರು. ಹಿಂದಿನ ವಾಲ್ವ್ ತೆರೆದೇ ಇತ್ತು. ಲೈನ್ ತುಂಬಿರಲಿ ಎಂದು ಪಂಪನ್ನೂ ಓಡಿಸಿಟ್ಟುಕೊಂಡು ಜೀರೋ ಬಟನ್ ಒತ್ತಿದರು. ಆ ವಾಲ್ವಿನ ರಬ್ಬರ್ ಸೀಟ್ ಸೋರುತ್ತಿದೆಯೇ ಎಂದು ನೋಡಲಿಲ್ಲ. ನಾವು ಆಮೇಲೆ ವಾಲ್ವಿನಾಚೆಯ ಯೂನಿಯನ್ ಬಿಚ್ಚಿ, ಅದೇ ಒತ್ತಡದಲ್ಲಿ ಪಂಪ್ ಓಡಿಸಿ, ಕೆಳಗೆ ಬಕೆಟ್ ಇಟ್ಟೆವು. ಪೆನ್ಸಿಲಿಗಿಂತ ತೆಳ್ಳನೆಯ ಧಾರೆ, ಆದರೆ ನಿಲ್ಲದ ಧಾರೆ. ನಿಮಿಷಕ್ಕೆ ಒಂದೂಕಾಲು ಲೀಟರ್ ಬಿತ್ತು. ಗಂಟೆಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಆ 75 ಕೆಜಿಯೇ.

ಕೊರಿಯೊಲಿಸ್ ಮೀಟರ್ ಅಳೆಯುವುದು ಸಮಯವನ್ನು ಎಂಬುದು ನಿಮಗೆ ಹೇಳಬೇಕಾದ ವಿಷಯವಲ್ಲ. ಒಳಗಿನ ಎರಡು ಕೊಳವೆಗಳನ್ನು ಡ್ರೈವ್ ಕಾಯಿಲ್ ಅಲುಗಿಸುತ್ತಿರುತ್ತದೆ. ದ್ರವ ಹರಿದಾಗ ಕೊಳವೆ ತಿರುಚಿಕೊಂಡು, ದ್ರವ ಒಳಬರುವ ಬದಿಯ ಪಿಕಪ್ ಕಾಯಿಲ್‌ಗೂ ಹೊರಹೋಗುವ ಬದಿಯದಕ್ಕೂ ಸಂಕೇತ ಬರುವುದರಲ್ಲಿ ಸ್ವಲ್ಪ ಹಿಂದುಮುಂದಾಗುತ್ತದೆ. ನಮ್ಮ ಸೆನ್ಸರಿನ ಫ್ಯಾಕ್ಟರ್ ಪ್ರಕಾರ ಒಂದು ಮೈಕ್ರೊಸೆಕೆಂಡ್ ವ್ಯತ್ಯಾಸಕ್ಕೆ ಸೆಕೆಂಡಿಗೆ 417 ಗ್ರಾಂ ಹರಿವು. ಗಂಟೆಗೆ 75 ಕೆಜಿ ಅಂದರೆ ಸೆಕೆಂಡಿಗೆ ಸುಮಾರು 21 ಗ್ರಾಂ, ಅಂದರೆ 0.05 ಮೈಕ್ರೊಸೆಕೆಂಡ್. ಟ್ರಾನ್ಸ್‌ಮಿಟರಿನಲ್ಲಿದ್ದ ಹಳೆಯ ಜೀರೋ ಮೌಲ್ಯ 0.012, ನಿಮ್ಮವರು ಬಿಟ್ಟುಹೋದದ್ದು 0.062. ಕಳೆದು ನೋಡಿ. ಹರಿಯುತ್ತಿದ್ದ ಹಾಲನ್ನೇ ಸೊನ್ನೆ ಎಂದು ಮೀಟರಿಗೆ ಕಲಿಸಿ ಹೋಗಿದ್ದಾರೆ. ತಕ್ಕಡಿಯ ತಟ್ಟೆಯಲ್ಲಿ ಸಾಮಾನು ಇಟ್ಟುಕೊಂಡೇ ಟೇರ್ ಒತ್ತಿದ ಹಾಗಾಯಿತು.

ಹಾಗಾದರೆ ಪರದೆ 0.00 ತೋರಿಸುವುದೇಕೆ? ಕಡಿಮೆ ಹರಿವಿನ ಕಟಾಫ್ ಗಂಟೆಗೆ 200 ಕೆಜಿಗೆ ಇಟ್ಟಿದೆ. ಅದಕ್ಕಿಂತ ಕಡಿಮೆ ಇದ್ದದ್ದೆಲ್ಲ, ಮೈನಸ್ 75 ಕೂಡ, ಸೊನ್ನೆಯಾಗಿ ಕಾಣುತ್ತದೆ. ಹಾಗಾಗಿ ಆ 0.00ರಿಂದ ಏನೂ ಸಾಬೀತಾಗುವುದಿಲ್ಲ. ಪಂಪ್ ನಿಲ್ಲಿಸಿ, ಎರಡೂ ಕಡೆಯ ವಾಲ್ವ್ ಮುಚ್ಚಿ, ಕಟಾಫ್ ದಾಟಿ ಲೈವ್ ಜೀರೋ ನೋಡಿದಾಗ ಮೈನಸ್ 74ರಿಂದ ಮೈನಸ್ 77ರ ನಡುವೆ ನಿಂತಿತ್ತು. ನಿಮ್ಮದೇ ಡೇಟಾಶೀಟಿನಲ್ಲಿ ಈ ಸೈಜಿಗೆ ಜೀರೋ ಸ್ಟೆಬಿಲಿಟಿ ಗಂಟೆಗೆ 4 ಕೆಜಿ ಎಂದಿದೆ.

ಇನ್ನು ಆ 14 ಕೆಜಿ. ಟ್ಯಾಂಕರ್ ಖಾಲಿಯಾಗುವ ಕೊನೆಯ ಒಂದೂವರೆ ನಿಮಿಷದಲ್ಲಿ ಹೊರಬಾಯಿಯ ಬಳಿ ಹಾಲು ಸುಳಿ ಕಟ್ಟಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಪಂಪ್ ಅದನ್ನು ಕಡೆದು ಸಣ್ಣ ಗುಳ್ಳೆ ಮಾಡಿ ಮೀಟರಿಗೆ ತಳ್ಳುತ್ತದೆ. ಟ್ರೆಂಡ್ ತೆಗೆದು ನೋಡಿದರೆ ಆ ಹೊತ್ತಿನಲ್ಲಿ ಸಾಂದ್ರತೆ ಲೀಟರಿಗೆ 1.029 ಕೆಜಿಯಿಂದ 0.87ಕ್ಕೆ ಬೀಳುತ್ತದೆ, ಡ್ರೈವ್ ಗೇನ್ 7 ಪರ್ಸೆಂಟಿನಿಂದ ನೇರ 100ಕ್ಕೆ ಏರುತ್ತದೆ. ಹಾಲು ದಿಢೀರನೆ ಅಷ್ಟು ಹಗುರಾಗುವುದಿಲ್ಲ. ಒಳಗೆ ಗಾಳಿ ಸೇರಿದೆ ಎನ್ನಲು ಇಷ್ಟು ಸಾಕು.

ಗಾಳಿಯಿಂದ ತಪ್ಪು ಬರುವುದು ಗಾಳಿಗೆ ತೂಕವಿಲ್ಲದ ಕಾರಣಕ್ಕಲ್ಲ. ಅಷ್ಟೇ ಆಗಿದ್ದರೆ ಮೀಟರ್ ಹಾಲಿನ ತೂಕವನ್ನು ಸರಿಯಾಗಿಯೇ ಹೇಳುತ್ತಿತ್ತು. ಕೊಳವೆ ಅಲುಗಿದಾಗ ಗುಳ್ಳೆ ಹಗುರವಾದ್ದರಿಂದ ಸುತ್ತಲಿನ ಹಾಲಿಗಿಂತ ಹೆಚ್ಚು ದೂರ ಹಾರುತ್ತದೆ, ಆ ಜಾಗ ತುಂಬಲು ಹಾಲು ಹಿಂದಕ್ಕೆ ಸರಿಯುತ್ತದೆ. ಒಟ್ಟಿನಲ್ಲಿ ಹಾಲು ಕೊಳವೆಯಷ್ಟು ಅಲುಗುವುದಿಲ್ಲ, ಅದರ ಒಂದು ಪಾಲು ಮೀಟರಿನ ಅರಿವಿಗೇ ಬರುವುದಿಲ್ಲ. ಇದರಿಂದ ರೀಡಿಂಗ್ ಇಳಿಯುತ್ತದೆ. ಇದೇ ಹೊತ್ತಿನಲ್ಲಿ ಗುಳ್ಳೆ ಸೇರಿದ ಹಾಲು ಮೆತ್ತಗಾಗಿ, ಅದರೊಳಗೆ ಶಬ್ದದ ವೇಗ ತೀರಾ ಕುಸಿಯುತ್ತದೆ. ಅದು ರೀಡಿಂಗನ್ನು ಮೇಲಕ್ಕೆಳೆಯುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ಗುಳ್ಳೆಯ ಗಾತ್ರ, ಹಾಲಿನ ದಪ್ಪ, ಕೊಳವೆಯ ಕಂಪನದ ವೇಗದ ಮೇಲಿದೆ. ಹೀಗಿರುವಾಗ ಪ್ರತಿ ಟ್ಯಾಂಕರಿಗೆ 14 ಕೆಜಿ ಕೂಡಿಸಿಬಿಡಿ ಎಂಬ ನಿಮ್ಮವರ ಸಲಹೆ ನಡೆಯುವಂಥದ್ದಲ್ಲ. ಅದು ಸರಾಸರಿ ಮಾತ್ರ, ಟ್ಯಾಂಕರಿನಿಂದ ಟ್ಯಾಂಕರಿಗೆ ಬದಲಾಗುತ್ತದೆ. ಗಾಳಿ ಬಂದಾಗ ಹಿಂದಿನ ರೀಡಿಂಗನ್ನೇ ಹಿಡಿದಿಡುವ ಸೆಟ್ಟಿಂಗನ್ನು ಒಂದು ನಿಮಿಷಕ್ಕೆ ಹೆಚ್ಚಿಸಿ ಎಂದದ್ದೂ ಸರಿಯಲ್ಲ: ಕೊನೆಯಲ್ಲಿ ಹರಿವು ನಿಜವಾಗಿಯೂ ಕುಸಿಯುತ್ತಿರುತ್ತದೆ, ಬಾರದ ಹಾಲಿಗೆ ಲೆಕ್ಕ ಬರೆದಂತಾಗುತ್ತದೆ.

ಇದಕ್ಕೆ ಪರಿಹಾರ ಮೀಟರಿನ ಹಿಂದೆ ಇರಬೇಕು. ಸ್ಕಿಡ್ಡಿನಲ್ಲಿರುವ ಗಾಳಿ ಬೇರ್ಪಡಿಸುವ ಪಾತ್ರೆಯ ಕೆಳಗಿನ ಲೆವೆಲ್ ಪ್ರೋಬ್ ಪಂಪಿಗೆ ಇಂಟರ್‌ಲಾಕ್ ಆಗಿಲ್ಲ. ವೈರ್ ಎಳೆದಿದ್ದೀರಿ, ಪಿಎಲ್‌ಸಿಯಲ್ಲಿ ಲಾಜಿಕ್ ಬರೆದಿಲ್ಲ. ಪಾತ್ರೆಯ ಮಟ್ಟ ಇಳಿದೊಡನೆ ಪಂಪಿನ ವೇಗ ತಗ್ಗಿ, ಪ್ರೋಬ್ ಬರಿದಾದರೆ ಪಂಪ್ ನಿಲ್ಲಬೇಕು. ಡ್ರೈವ್ ಗೇನ್ 30 ದಾಟಿದರೆ ಅಲಾರಂ ಬಂದು ಆ ಟ್ಯಾಂಕರಿನ ಎದುರು ಗುರುತು ಬೀಳಬೇಕು.

ಕೊನೆಯದು ಪೈಪಿನ ಅದುರು. ಟ್ಯಾಂಕರಿನ ಒಟ್ಟು ಲೆಕ್ಕವನ್ನು ಇದು ಹೆಚ್ಚು ಕೆಡಿಸುತ್ತಿಲ್ಲ, ಆದರೆ ಸರಿಯಾಗಿ ಜೀರೋ ಮಾಡಲು ಬಿಡುವುದಿಲ್ಲ. ನಮ್ಮ ಮೀಟರಿನ ಕೊಳವೆ ಹಾಲು ತುಂಬಿದಾಗ 140 ಹರ್ಟ್ಸ್‌ನಲ್ಲಿ ಅಲುಗುತ್ತದೆ. ಪಕ್ಕದ ಪಂಪ್ ಎರಡು ಪೋಲಿನ ಮೋಟಾರಿನದು, ಇಂಪೆಲ್ಲರಿಗೆ ಮೂರು ರೆಕ್ಕೆ. ಆ ಪಂಪಿನ ವೇಗ ಬದಲಿಸುವ ಡ್ರೈವ್ 48 ಹರ್ಟ್ಸ್‌ನಲ್ಲಿದ್ದಾಗ ಸ್ಲಿಪ್ ಕಳೆದು ಸೆಕೆಂಡಿಗೆ 46.6 ಸುತ್ತು, ಮೂರರಿಂದ ಗುಣಿಸಿದರೆ 139.8. ಮೀಟರಿನ ಸ್ವಂತ ಕಂಪನದ ಮೇಲೆಯೇ ಬಂದು ಕೂತಿತು. ಮೀಟರನ್ನು ಎರಡೂ ಕಡೆ ಮುಚ್ಚಿಟ್ಟು ಪಕ್ಕದ ಪಂಪನ್ನು ಬೈಪಾಸಿನಲ್ಲಿ ಓಡಿಸಿದಾಗ, 45 ಹರ್ಟ್ಸ್‌ಗಿಂತ ಕೆಳಗೆ ಲೈವ್ ಜೀರೋ 3 ಕೆಜಿಯಷ್ಟು ಮಾತ್ರ ಆಡುತ್ತದೆ; 47ರಿಂದ 49ರ ನಡುವೆ ಪ್ಲಸ್ ಮೈನಸ್ 120 ಕೆಜಿ ಏರಿಳಿಯುತ್ತದೆ. ಎರಡು ಕಂಪನ ಹತ್ತಿರವಾದಷ್ಟೂ ಈ ಏರಿಳಿತ ನಿಧಾನವಾಗುತ್ತದೆ. ಜೀರೋ ಮಾಡುವಾಗ ಟ್ರಾನ್ಸ್‌ಮಿಟರ್ ಸರಾಸರಿ ತೆಗೆಯುವುದು ಅರ್ಧ ನಿಮಿಷವಷ್ಟೇ, ಅದು ಏರುತ್ತಿರುವ ಹೊತ್ತಿಗೆ ಸಿಕ್ಕರೆ ಒಂದು ಸಂಖ್ಯೆ, ಇಳಿಯುವಾಗ ಸಿಕ್ಕರೆ ಇನ್ನೊಂದು. ನಿಮ್ಮವರು ಡ್ಯಾಂಪಿಂಗ್ 10 ಸೆಕೆಂಡಿಗೆ ಏರಿಸಿ ಹೋಗಿದ್ದಾರೆ. ಅದರಿಂದ ಪರದೆ ನೆಮ್ಮದಿಯಾಗಿ ಕಾಣುತ್ತದೆ, ಅಷ್ಟೇ. ಪಂಪಿನ ಬಾಯಿಗೆ ಫ್ಲೆಕ್ಸಿಬಲ್ ಜೋಡಣೆ ಬೇಕು, ಮೀಟರಿನ ಎರಡೂ ಬದಿಯ ಪೈಪಿಗೆ ನೆಲದಿಂದ ಗಟ್ಟಿ ಆಸರೆ ಬೇಕು. ಈಗ ಪೈಪಿನ ಭಾರವೆಲ್ಲ ಮೀಟರಿನ ಜೋಡಣೆಯ ಮೇಲೆ ತೂಗುತ್ತಿದೆ. ಅಲ್ಲಿಯವರೆಗೆ ಡ್ರೈವಿನಲ್ಲಿ 46.5ರಿಂದ 49.5 ಹರ್ಟ್ಸ್‌ವರೆಗಿನ ಪಟ್ಟಿಯನ್ನು ಬಿಟ್ಟು ಓಡುವಂತೆ ಹಾಕಿಕೊಂಡಿದ್ದೇವೆ.

ನಮ್ಮ ಬೇಡಿಕೆ ಹೀಗಿದೆ. ಮೊದಲು 0.012ರ ಹಳೆಯ ಮೌಲ್ಯ ಮರಳಿ ಹಾಕಿ, ಡ್ಯಾಂಪಿಂಗನ್ನು ಹಿಂದಿನಂತೆ 0.8 ಸೆಕೆಂಡಿಗೆ ತನ್ನಿ. ಆಮೇಲೆ ನಮ್ಮವರ ಎದುರು ಹೊಸದಾಗಿ ಜೀರೋ ಮಾಡಿ. ಟ್ರಾನ್ಸ್‌ಮಿಟರಿಗೆ ಅರ್ಧ ಗಂಟೆ ಮೊದಲೇ ಕರೆಂಟ್ ಕೊಟ್ಟಿರಬೇಕು. ತಣ್ಣನೆಯ ಹಾಲನ್ನು ಜೋರಾಗಿ ಹರಿಸಿ, ಕೊಳವೆಯ ತಾಪಮಾನ ಹಾಲಿನದರೊಂದಿಗೆ ಸಮವಾಗಲಿ. ಸಿಐಪಿ ಬಿಸಿನೀರು ಹೋದ ಬೆನ್ನಿಗೇ ಮಾಡುವುದು ಬೇಡ. ಸಾಂದ್ರತೆ ನಿಂತು, ಡ್ರೈವ್ ಗೇನ್ 10ರ ಕೆಳಗಿದೆ ಎಂದು ನೋಡಿದ ಮೇಲೆ ಸೈಲೋ ಕಡೆಯ ವಾಲ್ವ್, ಪಂಪ್, ಹಿಂದಿನ ವಾಲ್ವ್ ಈ ಕ್ರಮದಲ್ಲಿ ಮುಚ್ಚಿ ನಿಲ್ಲಿಸಿ. ಪಕ್ಕದ ಪಂಪೂ ನಿಂತಿರಬೇಕು. ವಾಲ್ವ್ ಸೀಟನ್ನು ನಮ್ಮ ಮೆಕ್ಯಾನಿಕಲ್ ವಿಭಾಗ ಬದಲಾಯಿಸಿದೆ. ಜೀರೋ ಆದ ನಂತರ ಕಟಾಫನ್ನು ಸೊನ್ನೆಗಿಳಿಸಿ ಐದು ನಿಮಿಷ ಲೈವ್ ಜೀರೋ ನೋಡಿ. 4 ಕೆಜಿ ದಾಟಿದರೆ ಆ ಜೀರೋ ಲೆಕ್ಕಕ್ಕಿಲ್ಲ. ಹಿಂದಿನ ಮತ್ತು ಹೊಸ ಮೌಲ್ಯ, ತಾಪಮಾನ, ಸಾಂದ್ರತೆ, ಡ್ರೈವ್ ಗೇನ್ ಇವೆಲ್ಲ ಸರ್ವಿಸ್ ವರದಿಯಲ್ಲಿ ಬರಲಿ. ಈಗ ಕೊಟ್ಟಿರುವ ವರದಿಯಲ್ಲಿ "ಜೀರೋ ಓಕೆ" ಎಂಬುದನ್ನು ಬಿಟ್ಟರೆ ಒಂದು ಅಂಕಿಯೂ ಇಲ್ಲ.

ಈ ಭೇಟಿಗೆ ಶುಲ್ಕ ಹಾಕಬಾರದು, ಹಿಂದಿನ ಭೇಟಿಯ ಬಿಲ್ಲನ್ನು ಹಿಂಪಡೆಯಬೇಕು. ಇಂಟರ್‌ಲಾಕ್ ಲಾಜಿಕ್ ಮತ್ತು ಪೈಪಿನ ಆಸರೆ ಮೂಲ ಆರ್ಡರಿನಲ್ಲೇ ಇವೆ, ಅವುಗಳನ್ನು ಮುಗಿಸಿಕೊಡಬೇಕು. ಸಾಗಣೆದಾರರಿಗೆ ತೋರಿಸಲು, ಸರ್ವಿಸ್ ದಿನದಿಂದ ಮೀಟರ್ ಗಂಟೆಗೆ 75 ಕೆಜಿ ಕಡಿಮೆ ತೋರಿಸಿದೆ ಎಂದು ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಬೇಕು. ಟ್ಯಾಂಕರಿನ ಟ್ರೆಂಡ್ ಪ್ರತಿಗಳು, ವೇ ಬ್ರಿಡ್ಜ್ ಚೀಟಿಗಳು ಮತ್ತು ಲೈವ್ ಜೀರೋ ಪರದೆಯ ಫೋಟೊಗಳು ಜೊತೆಗಿವೆ.

ಬರುವ ದಿನವನ್ನು ಎರಡು ದಿನ ಮೊದಲೇ ತಿಳಿಸಿ. ಬೆಳಗಿನ ಟ್ಯಾಂಕರುಗಳು ಮುಗಿದ ಮೇಲೆ ಲೈನನ್ನು ಎರಡು ಗಂಟೆ ಬಿಡಿಸಿಕೊಡುತ್ತೇವೆ.

ಇಂತಿ,
ಇನ್‌ಸ್ಟ್ರುಮೆಂಟೇಶನ್ ವಿಭಾಗದ ಪರವಾಗಿ