ನಿನ್ನ ಕಥೆ ಓದಿದೆ

ಪ್ರೀತಿಯ ಪುಟ್ಟಿ,

ಶಿವಮೊಗ್ಗದಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಕಥೆ ಓದಿದೆ. ಎಸ್ಸೆಸ್ಸೆಲ್ಸಿ ರಿಸಲ್ಟ್‌ನ ಹಿಂದಿನ ರಾತ್ರಿ, ಮಾತು ಬಿಟ್ಟ ಇಬ್ಬರು ಗೆಳತಿಯರು. ವಿಷಯ ಚೆನ್ನಾಗಿದೆ. ಆದರೆ ನೇತ್ರಾ, ಸ್ಮಿತಾ ಯಾಕೆ ಜಗಳ ಆಡಿದರು ಅಂತ ನನಗೆ ಗೊತ್ತಾಗಲಿಲ್ಲ. 'ಯಾರೋ ಚಾಡಿ ಹೇಳಿದರು' ಅಂತ ಬರೆದು ಮುಂದೆ ಹೋಗಿದ್ದೀಯ. ಚಾಡಿಯಿಂದ ಬಂದ ಜಗಳದಲ್ಲಿ ತಪ್ಪೆಲ್ಲ ಮೂರನೆಯವರದ್ದು. ಹಾಗಾದರೆ ಈ ಇಬ್ಬರಿಗೆ ನಿದ್ದೆ ಕೆಡಿಸಿಕೊಳ್ಳೋದಕ್ಕೆ ಏನಿದೆ?

ಜಗಳವನ್ನು ಪರೀಕ್ಷೆಯ ಕೋಣೆಯೊಳಗೇ ಇಡು. ಗಣಿತದ ದಿನ. ಹಿಂದಿನ ಬೆಂಚಿನಿಂದ ಸ್ಮಿತಾ ಒಂದು ಅಂಕದ ಉತ್ತರ ಕೇಳುತ್ತಾಳೆ. ನೇತ್ರಾ ತಿರುಗುವುದಿಲ್ಲ. ಈಗ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇರುತ್ತದಲ್ಲ, ಆಮೇಲೆ ಅದನ್ನೇ ನೆಪ ಹೇಳಬಹುದು. ಆದರೆ ಕ್ಯಾಮೆರಾ ಇಲ್ಲದಿದ್ದರೂ ತಾನು ತಿರುಗುತ್ತಿರಲಿಲ್ಲ ಅಂತ ನೇತ್ರಾಗೆ ಗೊತ್ತು. ಸ್ಮಿತಾಗೂ ಗೊತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಇಷ್ಟು ಸಾಕು. ಯಾರು ಸರಿ ಅಂತ ನೀನು ಹೇಳಲೇಬೇಡ.

ಇನ್ನು ಭಯದ ವಿಷಯ. 'ಗಣಿತ ಹೋದರೆ ಒಂದು ವರ್ಷವೇ ಹೋಯಿತು' ಅಂತ ಸ್ಮಿತಾ ಅಳುತ್ತಾಳೆ. ನಿನ್ನ ಓದುಗರು ನಿನ್ನ ವಯಸ್ಸಿನವರು, ನಂಬುವುದಿಲ್ಲ. ಫೇಲಾದರೂ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ ಅಂತ ಅವರಿಗೆ ಬಾಯಿಪಾಠ. ಫೇಲಾಗುವುದಕ್ಕಿಂತ ಬೇರೆ ಯಾವುದಕ್ಕೋ ಅವಳು ಹೆದರಬೇಕು. ಅದೇನು ಅಂತ ಹುಡುಕಿದರೆ ನಿನ್ನ ಕಥೆಯೊಳಗೇ ಸಿಗುತ್ತದೆ, ನೀನೇ ಗಮನಿಸಿಲ್ಲ.

ನೇತ್ರಾಳ ಮನೆ ಮೇಗರವಳ್ಳಿಯ ರಸ್ತೆ ಬದಿ, ವೈಫೈ ಇದೆ. ಸ್ಮಿತಾಳದು ಒಳಗಿನ ತೋಟದ ಮನೆ, ಸಿಗ್ನಲ್ ಇಲ್ಲ. ನೀನೇ ಹೀಗೆ ಬರೆದಿದ್ದೀಯ. ರಿಸಲ್ಟ್ ನೋಡಲು ಏನು ಬೇಕು? karresults.nic.in ತೆರೆದು ರಿಜಿಸ್ಟರ್ ನಂಬರ್, ಹುಟ್ಟಿದ ದಿನಾಂಕ ಹಾಕಬೇಕು. ಅಷ್ಟೇ. ಒಟಿಪಿ ಗಿಟಿಪಿ ಏನೂ ಇಲ್ಲ. ಹಾಲ್ ಟಿಕೆಟ್ ಬಂದ ದಿನ, ಕಳೆದರೆ ಇರಲಿ ಅಂತ ಇಬ್ಬರೂ ಒಬ್ಬರದ್ದನ್ನೊಬ್ಬರು ಫೋಟೋ ತೆಗೆದುಕೊಂಡಿದ್ದರು ಅನ್ನು. ಸ್ಮಿತಾಳ ಹುಟ್ಟುಹಬ್ಬ ನೇತ್ರಾಗೆ ಗೊತ್ತಿಲ್ಲದೆ ಇರುತ್ತದಾ? ಅಂದರೆ ನಾಳೆ ಬೆಳಿಗ್ಗೆ ಸ್ಮಿತಾಳ ಅಂಕವನ್ನು ಸ್ಮಿತಾಳಿಗಿಂತ ಮೊದಲು ನೇತ್ರಾ ನೋಡಬಲ್ಲಳು, ಕೇಳದೆಯೇ. ಆ ಒಂದು ಅಂಕದ ಪ್ರಶ್ನೆ ಇದ್ದ ಗಣಿತದ ಅಂಕವನ್ನೂ. ಸ್ಮಿತಾಳ ಭಯ ಅದು. ನೋಡಬೇಕಾ ಬೇಡವಾ ಅನ್ನುವುದು ನೇತ್ರಾಳ ಕಷ್ಟ.

ಇದನ್ನು ಹಿಡಿದುಕೊಂಡರೆ ರಾತ್ರಿ ತಾನಾಗಿ ಬೆಳೆಯುತ್ತದೆ. ಮೇ ತಿಂಗಳು, ಸಂಜೆ ಮಳೆ. ಅಂಗಳದ ಹಲಸಿನ ಹಪ್ಪಳ ಒಳಗೆ ತರುವ ಗಡಿಬಿಡಿಯಲ್ಲಿ ಸ್ಮಿತಾಳ ಅಮ್ಮ ಸುಮ್ನೆ ಕೇಳುತ್ತಾರೆ, 'ನೇತ್ರಾಗೆ ಹೇಳಿದ್ದೀಯಾ, ನಾಳೆ ನಿಂದೂ ನೋಡು ಅಂತ?' ಮಾತು ಬಿಟ್ಟಿದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸ್ಮಿತಾ 'ಹ್ಞೂಂ' ಅನ್ನುತ್ತಾಳೆ. ಆಮೇಲೆ ಅಪ್ಪನ ಮೊಬೈಲ್ ಹಿಡಿದು, ಸಿಗ್ನಲ್ ಸಿಗುವ ಗುಡ್ಡಕ್ಕೆ ಟಾರ್ಚ್ ಹಾಕಿಕೊಂಡು ಹೋಗುತ್ತಾಳೆ. ಅಷ್ಟರಲ್ಲಿ ಕರೆಂಟ್ ಹೋಗಿ ಹೊತ್ತಾಗಿದೆ. ಟವರ್‌ನ ಬ್ಯಾಟರಿ ಮುಗಿದರೆ ಗುಡ್ಡದ ಮೇಲೂ ಸಿಗ್ನಲ್ ಇಲ್ಲ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳುವುದೇ ಬೇಡ. ಅವಳು ಟೈಪ್ ಮಾಡಿ ಅಳಿಸಿದ ಮೂರು ಮೆಸೇಜ್ ನಮಗೆ ತೋರಿಸು. 'ಸಾರಿ' ಅನ್ನುವುದು ಅದರಲ್ಲಿ ಒಂದಾಗಿರಲಿ, ಕಳಿಸುವುದು ಮಾತ್ರ ಅದಲ್ಲ. ಈ ವಯಸ್ಸಿನಲ್ಲಿ ಯಾರೂ ಅಷ್ಟು ಸಲೀಸಾಗಿ ಸಾರಿ ಕೇಳುವುದಿಲ್ಲ. ನೀನಂತೂ ಕೇಳುವವಳಲ್ಲ, ನಿಮ್ಮಮ್ಮನನ್ನು ಕೇಳಿದರೆ ಗೊತ್ತು!

ಕೊನೆಯ ಪುಟ ಪೂರ್ತಿ ತೆಗೆದುಬಿಡು. ಇಬ್ಬರಿಗೂ 625ಕ್ಕೆ 600ರ ಮೇಲೆ ಬಂದು, ತಬ್ಬಿಕೊಂಡು ಅಳುವುದೆಲ್ಲ ಬೇಡ. ಅಂಕ ಬಂದ ಕೂಡಲೇ ಓದುವವರು ಲೆಕ್ಕಕ್ಕೆ ಇಳಿಯುತ್ತಾರೆ, ಜಗಳ ಮರೆಯುತ್ತಾರೆ. ಅಂಕ ಜಾಸ್ತಿ ಬಂತು ಅಂತ ಬಸ್ಸಿನ ಆ ಬೇರೆ ಸೀಟು ಇಲ್ಲವಾಗುವುದಿಲ್ಲ, ಅಲ್ವಾ? ಕಥೆ ಬೆಳಗಾಗುವ ಮೊದಲೇ ನಿಲ್ಲಲಿ. ಸ್ಮಿತಾ ಕಡೆಗೆ ಕಳಿಸುವ ಮೆಸೇಜ್ ಹೀಗಿರಬಹುದು: 'ನಾಳೆ ನಂದು ನೋಡಬೇಡ. ನಾನೇ ನಿಮ್ಮನೆಗೆ ಬರ್ತೀನಿ.' ಅದು ಸಿಟ್ಟೋ ರಾಜಿಯೋ ಅಂತ ನೇತ್ರಾಗೂ ಗೊತ್ತಾಗಬಾರದು. ಇದಕ್ಕಿಂತ ಒಳ್ಳೆಯದು ಹೊಳೆದರೆ ನಿನ್ನದನ್ನೇ ಬರೆ.

ಒಂದು ಸಣ್ಣ ತಿದ್ದುಪಡಿ. ಕನ್ನಡಕ್ಕೆ 100ಕ್ಕೆ 98 ಅಂತ ಕೊಟ್ಟಿದ್ದೀಯ. ಪ್ರಥಮ ಭಾಷೆ 125ಕ್ಕೆ. ಪುಟವೇ ಹೋಗುವುದರಿಂದ ಅದೂ ಹೋಗುತ್ತದೆ, ಆದರೂ ಹೇಳಿದೆ.

ತಿದ್ದಿ ಬರೆದಿದ್ದನ್ನು ಈ ಸಲ ಟೈಪ್ ಮಾಡಿ ಕಳಿಸು. ನಿನ್ನ ಕೈಬರಹದ ಫೋಟೋ ಓದುವಷ್ಟರಲ್ಲಿ ನನ್ನ ಕಣ್ಣು ಸೋತಿತು. ಅಜ್ಜಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ಮಾವ